ಒಂದೇ ದಿನ ಶೇ 26 ಕುಸಿತ: ಜೀ ಷೇರಿನ ಅಡಮಾನದ ಪ್ರಕರಣ

2019ರ ಜನವರಿ 25, ಶುಕ್ರವಾರ. ಹಿಂದಿನ ದಿನ ಸುಮಾರು 435 ರೂಪಾಯಿಗೆ ಮುಗಿದಿದ್ದ ಜೀ ಎಂಟರ್‌ಟೇನ್‌ಮೆಂಟ್ ಷೇರು ಅವತ್ತು ಸಂಜೆಗೆ 320ರ ಆಸುಪಾಸಿಗೆ ಬಂದು ನಿಂತಿತು. ಒಂದೇ ದಿನದಲ್ಲಿ ಸುಮಾರು ಶೇ 26 ಕುಸಿತ. ಅದೇ ಗುಂಪಿನ ಡಿಶ್ ಟಿವಿ ಷೇರು ಮೂರನೇ ಒಂದು ಭಾಗದಷ್ಟು ಬಿತ್ತು. ಜೀ ಏನು ಸಣ್ಣಪುಟ್ಟ ಕಂಪನಿಯಲ್ಲ. ಆಗ ನಿಫ್ಟಿ 50 ಸೂಚ್ಯಂಕದಲ್ಲಿ ಇದ್ದ ಷೇರು. ಸುಮಾರು 96 ಕೋಟಿ ಷೇರುಗಳಿದ್ದವು. ಒಂದೊಂದರ ಮೇಲೂ ನೂರು ರೂಪಾಯಿಗಿಂತ ಜಾಸ್ತಿ ಹೋಯಿತು ಅಂದರೆ ಹತ್ತು ಸಾವಿರ ಕೋಟಿಗೂ ಮೀರಿದ ಮೌಲ್ಯ ಒಂದು ಮಧ್ಯಾಹ್ನದಲ್ಲಿ ಆವಿಯಾಯಿತು.

ವಿಚಿತ್ರ ಏನೆಂದರೆ, ಕಂಪನಿಗೆ ಆ ದಿನ ಏನೂ ಆಗಿರಲಿಲ್ಲ. ಚಾನೆಲ್‌ಗಳು ಓಡುತ್ತಿದ್ದವು, ಜಾಹೀರಾತು ಬರುತ್ತಿತ್ತು, ಲಾಭವೂ ಇತ್ತು. ಸಾಲದ ಭಾರ ಕಂಪನಿಯ ತಲೆ ಮೇಲೆ ಇರಲಿಲ್ಲ. ಅದು ಇದ್ದದ್ದು ಕಂಪನಿಯ ಮಾಲೀಕರ, ಅಂದರೆ ಪ್ರೊಮೋಟರ್‌ಗಳ ತಲೆ ಮೇಲೆ. ಕಂಪನಿಯ ಬ್ಯಾಲೆನ್ಸ್ ಶೀಟ್ ಎಷ್ಟು ಸಲ ತಿರುವಿದರೂ ಆ ಸಾಲ ಕಾಣುವುದಿಲ್ಲ. ಈ ಪ್ರಕರಣವನ್ನು ಆರಿಸಿಕೊಂಡದ್ದು ಅದಕ್ಕೇ.

ಸಾಲ ಎಲ್ಲಿಂದ ಬಂತು

ಜೀ ಹಿಂದಿರುವ ಎಸ್ಸೆಲ್ ಗುಂಪಿನ ಮುಖ್ಯಸ್ಥ ಸುಭಾಷ್ ಚಂದ್ರ. ಗುಂಪು ರಸ್ತೆ, ವಿದ್ಯುತ್ ಮುಂತಾದ ಮೂಲಸೌಕರ್ಯ ಯೋಜನೆಗಳಿಗೆ ಕೈ ಹಾಕಿತ್ತು. ಅಲ್ಲಿ ಹಣ ಹೋಗುತ್ತಲೇ ಇತ್ತು, ವಾಪಸ್ ಬರುತ್ತಿರಲಿಲ್ಲ. ವಿಡಿಯೋಕಾನ್‌ನ ಡಿಟಿಎಚ್ ವ್ಯವಹಾರ ಡಿ2ಎಚ್ ಕೊಂಡದ್ದೂ ಕೈಕೊಟ್ಟಿತು. ಈ ನಷ್ಟ ತುಂಬಲು ಸಾಲ ಬೇಕಿತ್ತು. ಸಾಲಕ್ಕೆ ಒತ್ತೆ ಇಡಲು ಗುಂಪಿನ ಹತ್ತಿರ ಇದ್ದ ಅತಿ ಬೆಲೆಬಾಳುವ ವಸ್ತು ಯಾವುದು? ಜೀ ಷೇರು. ಪ್ರೊಮೋಟರ್‌ಗಳ ಬಳಿ ಕಂಪನಿಯ ಸುಮಾರು ಶೇ 41ರಷ್ಟು ಷೇರು ಇತ್ತು. 2018ರ ಡಿಸೆಂಬರ್ ಹೊತ್ತಿಗೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಡವಿನಲ್ಲಿತ್ತು.

ಷೇರು ಅಡ ಇಡುವುದು ಚಿನ್ನ ಅಡ ಇಟ್ಟ ಹಾಗೆಯೇ, ಆದರೆ ಪೆಟ್ಟಿಗೆಗೆ ಬೀಗ ಹಾಕುವುದಿಲ್ಲ. ಷೇರು ಪ್ರೊಮೋಟರ್‌ನ ಡಿಮ್ಯಾಟ್ ಖಾತೆಯಲ್ಲೇ ಇರುತ್ತದೆ. ಡಿಮ್ಯಾಟ್ ಲೆಕ್ಕ ಇಡುವ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಸಂಸ್ಥೆಯ ದಾಖಲೆಯಲ್ಲಿ ಅದರ ಮೇಲೆ ಅಡಮಾನದ ಗುರುತು ಬೀಳುತ್ತದೆ. ಮತ ಹಾಕುವ ಹಕ್ಕು, ಡಿವಿಡೆಂಡ್ ಎಲ್ಲ ಸಾಮಾನ್ಯವಾಗಿ ಮಾಲೀಕನದ್ದೇ. ಒಪ್ಪಂದ ಮುರಿದರೆ ಸಾಲ ಕೊಟ್ಟವರು ಅಡಮಾನವನ್ನು 'ಇನ್‌ವೋಕ್' ಮಾಡುತ್ತಾರೆ. ಷೇರು ಅವರ ಖಾತೆಗೆ ಜಾರುತ್ತದೆ. ಆಮೇಲೆ ಮಾರುಕಟ್ಟೆಯಲ್ಲಿ ಮಾರಿ ಸಾಲ ವಸೂಲಿ ಮಾಡಿಕೊಳ್ಳುತ್ತಾರೆ. ಮಾರುವ ಮೊದಲು ನೋಟಿಸ್ ಕೊಡಬೇಕು ಎಂದು 1872ರ ಕರಾರು ಕಾಯ್ದೆಯ 176ನೇ ಕಲಂ ಹೇಳುತ್ತದೆ, ನಿಜ. ಆದರೆ ಆ ನೋಟಿಸ್‌ಗೆ ತಿಂಗಳುಗಟ್ಟಲೆ ಅವಧಿಯೇನೂ ಇರುವುದಿಲ್ಲ.

ಎಸ್ಸೆಲ್‌ಗೆ ಸಾಲ ಕೊಟ್ಟವರಲ್ಲಿ ಬ್ಯಾಂಕುಗಳಿದ್ದವು, ಎನ್‌ಬಿಎಫ್‌ಸಿ ಎಂದು ಕರೆಯುವ ಬ್ಯಾಂಕೇತರ ಹಣಕಾಸು ಕಂಪನಿಗಳಿದ್ದವು, ಮ್ಯೂಚುವಲ್ ಫಂಡ್‌ಗಳೂ ಇದ್ದವು. ಮ್ಯೂಚುವಲ್ ಫಂಡ್ ಸಾಲ ಕೊಡುತ್ತದಾ ಎಂದು ನೀವು ಕೇಳಬಹುದು. ನೇರವಾಗಿ ಕೊಡುವ ಹಾಗಿಲ್ಲ. ಪ್ರೊಮೋಟರ್‌ಗಳ ಖಾಸಗಿ ಕಂಪನಿಗಳು ಡಿಬೆಂಚರ್ ಎಂಬ ಸಾಲಪತ್ರ ಹೊರಡಿಸಿದವು, ಅದಕ್ಕೆ ಜೀ ಷೇರನ್ನು ಒತ್ತೆ ಇಟ್ಟವು, ಫಂಡ್‌ಗಳು ಡಿಬೆಂಚರ್ ಕೊಂಡವು. ಹೆಸರು ಬೇರೆ, ವ್ಯವಹಾರ ಅದೇ.

ಬೆಲೆ ಇಳಿದರೆ ಅಡವು ತಾನಾಗಿಯೇ ಬೆಳೆಯುತ್ತದೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಎಲ್ಲದರ ಬುಡ ಇಲ್ಲೇ ಇದೆ. ಜೀ ಒಪ್ಪಂದಗಳು ಹತ್ತಾರು, ಒಂದೊಂದರ ಶರತ್ತು ಒಂದೊಂದು ಥರ. ಹಾಗಾಗಿ ಲೆಕ್ಕಕ್ಕೆ ಒಂದು ಕಾಲ್ಪನಿಕ ಕಂಪನಿ ಹಿಡಿಯುತ್ತೇನೆ.

ಕಂಪನಿಯ ಒಟ್ಟು ಷೇರು 10 ಕೋಟಿ. ಪ್ರೊಮೋಟರ್ ಹತ್ತಿರ 4 ಕೋಟಿ. ಬೆಲೆ 400 ರೂಪಾಯಿ. ಅವರು 2 ಕೋಟಿ ಷೇರು ಅಡ ಇಟ್ಟು 400 ಕೋಟಿ ಸಾಲ ತಂದರು. ಅಡವಿನ ಬೆಲೆ 800 ಕೋಟಿ, ಅಂದರೆ ಸಾಲದ ಎರಡು ಪಟ್ಟು. ಇದಕ್ಕೆ 'ಕವರ್' ಎನ್ನುತ್ತಾರೆ. ಷೇರಿನ ಮೇಲೆ ಸಾಲ ಕೊಡುವ ಎನ್‌ಬಿಎಫ್‌ಸಿ ಷೇರಿನ ಬೆಲೆಯ ಅರ್ಧಕ್ಕಿಂತ ಜಾಸ್ತಿ ಕೊಡಬಾರದು ಎಂದು ರಿಸರ್ವ್ ಬ್ಯಾಂಕ್ 2014ರಲ್ಲಿ ನಿಯಮ ತಂದಿತ್ತು. ಎರಡು ಪಟ್ಟು ಅಂದರೆ ಅದೇ. ಒಪ್ಪಂದದಲ್ಲಿ ಇನ್ನೊಂದು ಸಾಲು ಇದೆ ಎಂದುಕೊಳ್ಳಿ: ಕವರ್ ಒಂದೂವರೆ ಪಟ್ಟಿಗೆ ಇಳಿದರೆ ಕೆಲವೇ ದಿನದಲ್ಲಿ ಮತ್ತೆ ಎರಡು ಪಟ್ಟಿಗೆ ಏರಿಸಬೇಕು. ನಗದು ಕೊಟ್ಟಾದರೂ ಸರಿ, ಹೆಚ್ಚು ಷೇರು ಅಡ ಇಟ್ಟಾದರೂ ಸರಿ.

ಬೆಲೆ 300ಕ್ಕೆ ಬಂತು. ಅಡವಿನ ಬೆಲೆ 600 ಕೋಟಿ, ಕವರ್ ಒಂದೂವರೆ. ನಗದು ಇದ್ದಿದ್ದರೆ ಮೊದಲೇ ಸಾಲ ಯಾಕೆ ಮಾಡುತ್ತಿದ್ದರು? ಹಾಗಾಗಿ ಷೇರೇ ಕೊಡುತ್ತಾರೆ. ಇನ್ನೂ 67 ಲಕ್ಷ ಷೇರು ಹೋಯಿತು. ಬೆಲೆ 225ಕ್ಕೆ ಇಳಿಯಿತು. ಮತ್ತೆ ಕವರ್ ಒಂದೂವರೆ. ಈ ಸಲ ಕೊಡಬೇಕಾದದ್ದು 89 ಲಕ್ಷ. ಒಟ್ಟು ಅಡವು 3 ಕೋಟಿ 56 ಲಕ್ಷ ಆಯಿತು. ಬೆಲೆ 169ಕ್ಕೆ ಬಂತು ಎನ್ನಿ. ಈಗ ಬೇಕಾದದ್ದು ಇನ್ನೂ ಸುಮಾರು 1 ಕೋಟಿ 19 ಲಕ್ಷ ಷೇರು. ಕೈಯಲ್ಲಿ ಉಳಿದಿರುವುದು 44 ಲಕ್ಷ. ಮುಗಿಯಿತು.

ಗಮನಿಸಿ, ಈ ಪೂರ್ತಿ ಕಥೆಯಲ್ಲಿ ಪ್ರೊಮೋಟರ್ ಒಂದು ರೂಪಾಯಿ ಹೊಸ ಸಾಲ ಮಾಡಿಲ್ಲ. ಆದರೂ ಅಡವಿನ ಪಾಲು ಶೇ 50ರಿಂದ ಶೇ 89ಕ್ಕೆ ಏರಿದೆ. ಪ್ರತಿ ಸಲವೂ ಬೆಲೆ ಕಾಲು ಭಾಗ ಮಾತ್ರ ಬಿದ್ದಿದೆ, ಆದರೆ ಕೇಳುವ ಷೇರು ಮಾತ್ರ 67 ಲಕ್ಷ, 89 ಲಕ್ಷ, 1 ಕೋಟಿ 19 ಲಕ್ಷ ಎಂದು ದಪ್ಪವಾಗುತ್ತಾ ಹೋಗಿದೆ. 'ಪ್ರೊಮೋಟರ್ ಅಡವು ಹೆಚ್ಚಿಸಿದರು' ಎಂಬ ಸುದ್ದಿ ಓದಿದಾಗ ನಾನು ಮೊದಲು ನೋಡುವುದು ಆ ಹೊತ್ತಿನಲ್ಲಿ ಬೆಲೆ ಏನಾಗಿತ್ತು ಎಂಬುದನ್ನು. ಬೆಲೆ ಏರಿದ್ದಾಗ ಅಡವು ಹೆಚ್ಚಿದರೆ ಹೊಸ ಸಾಲ ಇರಬಹುದು. ಬೆಲೆ ಬಿದ್ದಾಗ ಹೆಚ್ಚಿದರೆ ಬಹುತೇಕ ಹಳೆಯ ಸಾಲಕ್ಕೇ ಕೊಟ್ಟ ಟಾಪ್‌ಅಪ್. ಎರಡನೆಯದು ನನಗೆ ಜಾಸ್ತಿ ಭಯ.

ಮಾರುವವನಿಗೆ ಬೆಲೆಯ ಚಿಂತೆ ಯಾಕಿಲ್ಲ

ಸಾಮಾನ್ಯವಾಗಿ ಷೇರು ಮಾರುವವನು ಒಳ್ಳೆಯ ಬೆಲೆಗೆ ಕಾಯುತ್ತಾನೆ. ಸಾಲ ಕೊಟ್ಟವನು ಹಾಗಲ್ಲ. ಅವನ ಕೈಯಲ್ಲಿ 3 ಕೋಟಿ 56 ಲಕ್ಷ ಷೇರು ಇದೆ, ಬರಬೇಕಾದದ್ದು 400 ಕೋಟಿ. ಸರಾಸರಿ 112 ರೂಪಾಯಿ ಚಿಲ್ಲರೆ ಸಿಕ್ಕರೂ ಅವನ ಅಸಲು ಪೂರ್ತಿ ಬರುತ್ತದೆ. 169ಕ್ಕೆ ಮಾರಿ 600 ಕೋಟಿ ಬಂದರೂ ಹೆಚ್ಚುವರಿ 200 ಕೋಟಿ ಪ್ರೊಮೋಟರ್‌ಗೆ ವಾಪಸ್ ಕೊಡಬೇಕು. ಅಂದಮೇಲೆ 169ಕ್ಕೂ 112ಕ್ಕೂ ನಡುವೆ ಯಾವ ಬೆಲೆ ಆದರೂ ಅವನಿಗೆ ಒಂದೇ. ಆ ನಡುವಿನ ನಷ್ಟ ಪ್ರೊಮೋಟರ್‌ದು, ಮತ್ತೆ ಸುಮ್ನೆ ಷೇರು ಇಟ್ಟುಕೊಂಡು ಕೂತಿರುವ ಉಳಿದ ಹೂಡಿಕೆದಾರರದು.

ಕವರ್ ಇರುವುದು ಸಾಲಕ್ಕೆ ರಕ್ಷಣೆ ಎಂದು ಎಲ್ಲರೂ ಹೇಳುತ್ತಾರೆ. ಹೌದು. ಆದರೆ ಅದೇ ಕವರ್ ಮಾರುವವನನ್ನು ಬೆಲೆಯ ಬಗ್ಗೆ ಬೇಜವಾಬ್ದಾರಿ ಮಾಡುತ್ತದೆ. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಇನ್ನು ಮಾರುಕಟ್ಟೆ ಕಡೆ ನೋಡಿ. 169ರಲ್ಲಿ 400 ಕೋಟಿ ಎತ್ತಲು ಸುಮಾರು 2 ಕೋಟಿ 37 ಲಕ್ಷ ಷೇರು ಮಾರಬೇಕು. ಈ ಷೇರಿನಲ್ಲಿ ದಿನಕ್ಕೆ 6 ಲಕ್ಷ ಷೇರು ಡೆಲಿವರಿ ಆಗುತ್ತದೆ ಎಂದುಕೊಂಡರೆ, ಅದು 40 ದಿನದ ಸರಕು. ಬೆಳಗ್ಗೆ ಕೊಳ್ಳಲು ಬಂದವನಿಗೂ ಗೊತ್ತು, ಇನ್ನೂ ಒಬ್ಬ ರಾಶಿ ಹಾಕಿಕೊಂಡು ಕೂತಿದ್ದಾನೆ, ನಾಳೆ ಇನ್ನೂ ಅಗ್ಗಕ್ಕೆ ಸಿಗುತ್ತದೆ ಎಂದು. ಅವನು ಕಾಯುತ್ತಾನೆ. ಕೊಳ್ಳುವವರ ಸಾಲು ತೆಳ್ಳಗಾಗುತ್ತದೆ. ಅದೇ ಹೊತ್ತಿಗೆ ಬ್ರೋಕರ್‌ಗಳು ಮಾರ್ಜಿನ್ ಏರಿಸುತ್ತಾರೆ, ಇಷ್ಟಕ್ಕೆ ಇಳಿದರೆ ಮಾರಿ ಎಂದು ಮೊದಲೇ ಹಾಕಿಟ್ಟ ಸ್ಟಾಪ್‌ಲಾಸ್‌ಗಳು ಚಾಲೂ ಆಗುತ್ತವೆ, ಬೆಲೆ ಇನ್ನೂ ಬೀಳುತ್ತದೆ ಎಂದು ಫ್ಯೂಚರ್ಸ್‌ನಲ್ಲಿ ಶಾರ್ಟ್ ಮಾಡುವವರು ಬರುತ್ತಾರೆ.

ಸಾಲದಾತ ಒಬ್ಬನೇ ಆಗಿದ್ದರೆ ನಿಧಾನವಾಗಿ ಮಾರಬಹುದಿತ್ತು. ಇಬ್ಬರಿದ್ದರೆ ಕಥೆ ಕೆಡುತ್ತದೆ. ಒಬ್ಬೊಬ್ಬರದು 200 ಕೋಟಿ ಸಾಲ, ಒಬ್ಬೊಬ್ಬರ ಕೈಯಲ್ಲಿ 1 ಕೋಟಿ 78 ಲಕ್ಷ ಷೇರು ಎನ್ನಿ. ಮೊದಲನೆಯವನು ಇವತ್ತೇ ಶುರು ಮಾಡಿದ. ಸರಾಸರಿ 150 ಸಿಕ್ಕಿತು. 1 ಕೋಟಿ 33 ಲಕ್ಷ ಷೇರು ಮಾರಿ ತನ್ನ 200 ಕೋಟಿ ಎತ್ತಿಕೊಂಡು ಹೋದ. ಅಷ್ಟರಲ್ಲಿ ಬೆಲೆ 125ಕ್ಕೆ ಇಳಿದಿದೆ. ಎರಡನೆಯವನ ಷೇರಿನ ಬೆಲೆ ಈಗ 222 ಕೋಟಿ. ಅವನು ಮಾರಲು ಇಳಿದಾಗ ಸರಾಸರಿ 105 ಸಿಕ್ಕರೆ 187 ಕೋಟಿ ಬರುತ್ತದೆ, 13 ಕೋಟಿ ಖೋತಾ. ಇಬ್ಬರೂ ಸುಮ್ಮನಿದ್ದಿದ್ದರೆ ಇಬ್ಬರಿಗೂ ಪೂರ್ತಿ ಬರುತ್ತಿತ್ತೇನೋ. ಆದರೆ ಇನ್ನೊಬ್ಬ ಸುಮ್ಮನಿರುತ್ತಾನೆ ಎಂದು ನಂಬುವುದು ಹೇಗೆ? ಎರಡನೆಯವನಾಗಲು ಯಾರಿಗೂ ಇಷ್ಟವಿಲ್ಲ. ಹಾಗಾಗಿ ಎಲ್ಲರೂ ಬಾಗಿಲ ಕಡೆ ಓಡುತ್ತಾರೆ.

ಇಲ್ಲಿ ಬೆಲೆ ಬಿದ್ದದ್ದು ಕಂಪನಿ ಕೆಟ್ಟಿತು ಎಂದಲ್ಲ. ಒಬ್ಬನ ಮಾರಾಟವೇ ಮುಂದಿನವನ ಶರತ್ತು ಮುರಿಯುತ್ತದೆ, ಅವನ ಮಾರಾಟ ಅದರ ಮುಂದಿನವನದ್ದನ್ನು.

ಮತ್ತೆ ಆ ಶುಕ್ರವಾರಕ್ಕೆ

2018ರ ಸೆಪ್ಟೆಂಬರ್‌ನಲ್ಲಿ ಮೂಲಸೌಕರ್ಯಕ್ಕೆ ಹಣ ಕೊಡುತ್ತಿದ್ದ ದೊಡ್ಡ ಕಂಪನಿ ಐಎಲ್‌ಆಂಡ್‌ಎಫ್‌ಎಸ್ ಕುಸಿದಿತ್ತು. ಅದಕ್ಕೂ ಮೊದಲು ಒಂದು ಸಾಲದ ಗಡುವು ಬಂದಾಗ ಇನ್ನೊಂದು ಸಾಲ ತೆಗೆದು ತೀರಿಸುವುದು ನಡೆಯುತ್ತಿತ್ತು. ಆಮೇಲೆ ಹೊಸ ಸಾಲ ಕೊಡುವವರೇ ಇಲ್ಲ. ನವೆಂಬರ್‌ನಲ್ಲಿ ಎಸ್ಸೆಲ್ ಗುಂಪು, ಜೀಯಲ್ಲಿ ತಮ್ಮ ಪಾಲಿನ ಅರ್ಧದವರೆಗೆ ಮಾರುತ್ತೇವೆ ಎಂದು ಘೋಷಿಸಿತು. ದಾರಿ ಸರಿಯಾಗಿಯೇ ಇತ್ತು. ಆದರೆ ಇಂಥ ಮಾರಾಟಕ್ಕೆ ತಿಂಗಳುಗಳು ಬೇಕು, ಟಾಪ್‌ಅಪ್‌ಗೆ ದಿನಗಳು ಮಾತ್ರ ಇರುತ್ತವೆ.

ಜನವರಿ 25ರಂದು ಭಯ ಒಡೆಯಿತು. ಜೀಯಂಥ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್ ಪಟ್ಟಿಯಲ್ಲಿದ್ದರೆ ಅದಕ್ಕೆ ದಿನದ ಕೆಳಮಿತಿ ಖಾಯಂ ಆಗಿ ಇರುವುದಿಲ್ಲ, ಬೆಲೆ ಬೀಳುತ್ತಾ ಹೋದ ಹಾಗೆ ಮಿತಿಯೂ ಸರಿಯುತ್ತದೆ. ಅದಕ್ಕೇ ಒಂದೇ ದಿನದಲ್ಲಿ ಶೇ 26 ಸಾಧ್ಯವಾಯಿತು. ಸಣ್ಣ ಷೇರುಗಳಲ್ಲಿ ಇದು ಬೇರೆ ರೂಪದಲ್ಲಿ ಬರುತ್ತದೆ. ಅಲ್ಲಿ ಕೆಲವಕ್ಕೆ ಶೇ 5ರ ಲೋವರ್ ಸರ್ಕ್ಯೂಟ್ ಇರುತ್ತದೆ. ದಿನಾ ಬೆಳಗ್ಗೆ ಷೇರು ಶೇ 5 ಬಿದ್ದು ಅಲ್ಲೇ ಬೀಗ. ಕೊಳ್ಳುವವನೇ ಇಲ್ಲ, ಸಾಲದಾತನಿಗೂ ಮಾರಲು ಆಗುವುದಿಲ್ಲ. ಕಾಗದದ ಮೇಲೆ ಕವರ್ ಇದೆ, ಕೈಗೆ ಹಣ ಇಲ್ಲ. ನೋಡಲು ಕಡಿಮೆ ಭಯಾನಕ, ಅನುಭವಿಸಲು ಅದೇ ಹೆಚ್ಚು.

ಅವತ್ತಿನ ಕುಸಿತ ಪೂರ್ತಿ ಅಡವಿನ ಷೇರು ಮಾರಾಟದಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಅಡವಿನ ದೊಡ್ಡ ಭಾಗ ಆ ದಿನ ಮಾರಾಟವಾಗಲೇ ಇಲ್ಲ. ಆಗಬೇಕಾಗಿಯೂ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಅಡವು ಇದೆ ಎಂದು ಎಲ್ಲರಿಗೂ ಗೊತ್ತಿದ್ದಾಗ, ಮಾರಾಟ ಆಗಬಹುದು ಎಂಬ ಭಯವೇ ಮಾರಾಟದ ಕೆಲಸ ಮಾಡುತ್ತದೆ.

ಅದೇ ದಿನ ಸುಭಾಷ್ ಚಂದ್ರ ಬಹಿರಂಗ ಪತ್ರ ಬರೆದರು. ಸಾಲ ಕೊಟ್ಟವರ ಕ್ಷಮೆ ಕೇಳಿದರು. ಮೂಲಸೌಕರ್ಯದ ಪಣ, ಡಿ2ಎಚ್ ಖರೀದಿ ಎಲ್ಲ ತಪ್ಪಾಯಿತು ಎಂದು ಒಪ್ಪಿಕೊಂಡರು. ಜೀ ಪಾಲು ಮಾರಾಟ ಆಗುವ ತನಕ ತಾಳಿಕೊಳ್ಳಿ, ಎಲ್ಲರಿಗೂ ತೀರಿಸುತ್ತೇನೆ ಎಂಬುದು ಪತ್ರದ ಸಾರ. ಮೇಲಿನ ಲೆಕ್ಕ ಮನಸ್ಸಿನಲ್ಲಿಟ್ಟು ಓದಿದರೆ ಆ ಪತ್ರ ಬರೀ ಕ್ಷಮೆ ಅಲ್ಲ. ಬಾಗಿಲ ಕಡೆ ಓಡುತ್ತಿರುವವರಿಗೆ, ಎಲ್ಲರೂ ಒಟ್ಟಿಗೆ ನಿಂತರೆ ಎಲ್ಲರಿಗೂ ಸಿಗುತ್ತದೆ ಎಂದು ಕೂಗಿ ಹೇಳಿದ್ದು.

ಶನಿವಾರ, ಭಾನುವಾರ ಮಾರುಕಟ್ಟೆಗೆ ರಜೆ ಇತ್ತು. ಆ ರಜೆ ದೊಡ್ಡ ಅದೃಷ್ಟ. ಭಾನುವಾರದ ಹೊತ್ತಿಗೆ ಸಾಲದಾತರು ಒಪ್ಪಂದಕ್ಕೆ ಬಂದರು: ಬೆಲೆ ಬಿತ್ತು ಎಂಬ ಕಾರಣಕ್ಕೆ ಸದ್ಯಕ್ಕೆ ಯಾರೂ ಷೇರು ಮಾರುವುದಿಲ್ಲ. ಆಮೇಲೆ ಸೆಪ್ಟೆಂಬರ್ 30ರವರೆಗೆ ಸಮಯವನ್ನೂ ಕೊಟ್ಟರು. ಇದಕ್ಕೆ 'ಸ್ಟ್ಯಾಂಡ್‌ಸ್ಟಿಲ್' ಎಂದು ಹೆಸರು ಬಂತು. ಸೋಮವಾರ ಷೇರು ಚೇತರಿಸಿಕೊಂಡಿತು.

ಇದರ ಪಕ್ಕದಲ್ಲೇ ಇನ್ನೊಂದು ಘಟನೆ ಇಟ್ಟು ನೋಡಿ. ಫೆಬ್ರುವರಿ ಮೊದಲ ವಾರ ಅನಿಲ್ ಅಂಬಾನಿ ಗುಂಪಿನ ಷೇರುಗಳಲ್ಲಿ ಯಾರೂ ತಡೆಯಲಿಲ್ಲ. ಸಾಲದಾತರು ಅಡವಿನ ಷೇರು ಮಾರಿದರು. ಫೆಬ್ರುವರಿ 4ರಿಂದ 7ರ ನಡುವೆ ಸುಮಾರು 400 ಕೋಟಿ ರೂಪಾಯಿಯ ಷೇರು ಮಾರಿದ್ದರಿಂದ ಗುಂಪಿನ ಮಾರುಕಟ್ಟೆ ಮೌಲ್ಯದಲ್ಲಿ ಸುಮಾರು 13,000 ಕೋಟಿ ಹೋಯಿತು ಎಂದು ಗುಂಪು ದೂರಿತು. ಒಪ್ಪಂದದ ಪ್ರಕಾರವೇ ಮಾರಿದ್ದೇವೆ ಎಂದು ಸಾಲದಾತರು ಹೇಳಿದರು. ಆ 13,000 ಕೋಟಿಯನ್ನೆಲ್ಲ ಮಾರಾಟದ ಲೆಕ್ಕಕ್ಕೇ ಬರೆಯುವುದು ನ್ಯಾಯವಲ್ಲ. ಅದೇ ಹೊತ್ತಿಗೆ ಗುಂಪಿನ ಟೆಲಿಕಾಂ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗುತ್ತೇನೆ ಎಂದಿತ್ತು. ಆದರೂ ಅಳತೆ ನೋಡಿ: ಮಾರಿದ್ದು ನೂರರ ಲೆಕ್ಕ, ಬಿದ್ದದ್ದು ಸಾವಿರದ ಲೆಕ್ಕ.

ತಾಳ್ಮೆಗೆ ಯಾರು ಬೆಲೆ ತೆತ್ತರು

ಜೀಯಲ್ಲಿ ಕಾದದ್ದರಿಂದ ಲಾಭವಾಯಿತೇ? ಒಂದು ಲೆಕ್ಕದಲ್ಲಿ ಆಯಿತು. 2019ರ ಜುಲೈ ಕೊನೆಯಲ್ಲಿ ಇನ್‌ವೆಸ್ಕೋ ಓಪನ್‌ಹೈಮರ್ ಫಂಡ್ ಶೇ 11ರವರೆಗಿನ ಪಾಲನ್ನು 4,224 ಕೋಟಿಗೆ ಕೊಳ್ಳಲು ಒಪ್ಪಿತು. ಭಾಗಿಸಿದರೆ ಷೇರಿಗೆ ಸುಮಾರು 400 ರೂಪಾಯಿ. ಭಯದ ದಿನದ ಬೆಲೆ 320 ಆಗಿತ್ತು, ನೆನಪಿರಲಿ.

ಆದರೆ ಕಾದವರು ಯಾರ ಹಣದಿಂದ ಕಾದರು? ಎಸ್ಸೆಲ್ ಡಿಬೆಂಚರ್‌ಗಳು ಕೆಲವು ಎಫ್‌ಎಂಪಿಗಳಲ್ಲಿ ಇದ್ದವು. ಮುಗಿಯುವ ದಿನ ಮೊದಲೇ ಗೊತ್ತಿರುವ ಮ್ಯೂಚುವಲ್ ಫಂಡ್ ಯೋಜನೆ ಅದು. ಬ್ಯಾಂಕಿನ ಎಫ್‌ಡಿ ಥರವೇ ಎಂದುಕೊಂಡು ಹಣ ಹಾಕಿದವರು ಬಹಳ ಜನ. 2019ರ ಏಪ್ರಿಲ್‌ನಲ್ಲಿ ಅಂಥ ಕೆಲವು ಯೋಜನೆಗಳ ಅವಧಿ ಮುಗಿದಾಗ ಫಂಡ್ ಹೌಸ್‌ಗಳು ಪೂರ್ತಿ ಹಣ ಕೊಡಲಿಲ್ಲ. ಒಂದಿಷ್ಟನ್ನು ಹಿಡಿದಿಟ್ಟವು, ಇಲ್ಲವೇ ಅವಧಿ ಮುಂದೂಡಿದವು. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ಆಗಿನ ಅಧ್ಯಕ್ಷ ಅಜಯ್ ತ್ಯಾಗಿ, ಸ್ಟ್ಯಾಂಡ್‌ಸ್ಟಿಲ್ ಎಂಬುದಕ್ಕೆ ಮ್ಯೂಚುವಲ್ ಫಂಡ್ ನಿಯಮದಲ್ಲಿ ಜಾಗವಿಲ್ಲ ಎಂಬ ನಿಲುವು ತೆಗೆದುಕೊಂಡರು. ಅವರ ಮಾತಿನಲ್ಲೂ ಅರ್ಥ ಇದೆ. ಮಾರಿದ್ದರೆ ಷೇರುದಾರರಿಗೆ ಪೆಟ್ಟು, ಮಾರದಿದ್ದರೆ ಎಫ್‌ಎಂಪಿ ಹೂಡಿಕೆದಾರರಿಗೆ ಕಾಯುವ ಶಿಕ್ಷೆ. ಇಬ್ಬರಲ್ಲಿ ಯಾರೂ ಆ ಸಾಲ ಮಾಡಿದವರಲ್ಲ.

ಜೂನ್ 27ರಂದು ಸೆಬಿ ನಿಯಮ ಬಿಗಿ ಮಾಡಿತು. ಷೇರು ಒತ್ತೆಯ ಮೇಲಿನ ಸಾಲಪತ್ರಗಳನ್ನು ಮ್ಯೂಚುವಲ್ ಫಂಡ್ ಕೊಳ್ಳಬೇಕಾದರೆ ಕನಿಷ್ಠ ನಾಲ್ಕು ಪಟ್ಟು ಕವರ್ ಇರಬೇಕು ಎಂದಿತು. ಪ್ರೊಮೋಟರ್‌ಗಳ ಪಾಲಿನ ಅರ್ಧ, ಅಥವಾ ಕಂಪನಿಯ ಒಟ್ಟು ಬಂಡವಾಳದ ಶೇ 20 ಅಡವಿಗೆ ಹೋದರೆ ಯಾಕೆ ಎಂದು ಕಾರಣ ಹೇಳಬೇಕು ಎಂದಿತು. ನಾಲ್ಕು ಪಟ್ಟು ಒಳ್ಳೆಯದೇ. ಆದರೆ ಮೇಲಿನ ಲೆಕ್ಕ ಮರೆಯಬೇಡಿ. ಕವರ್ ಜಾಸ್ತಿ ಆದಷ್ಟೂ ಮಾರುವ ದಿನ ದೂರ ಹೋಗುತ್ತದೆ. ಆ ದಿನ ಬಂದೇ ಬಂದರೆ, ಬೆಲೆ ಬಿದ್ದರೂ ತಲೆಕೆಡಿಸಿಕೊಳ್ಳದ ಮಾರಾಟಗಾರನ ಕೈಯಲ್ಲಿ ಇನ್ನೂ ದೊಡ್ಡ ರಾಶಿ ಇರುತ್ತದೆ.

ಹೊರಗಿನವರಿಗೆ ಇದು ಮೊದಲೇ ಕಾಣುತ್ತದಾ? ಅರ್ಧ ಕಾಣುತ್ತದೆ. ಮೂರು ತಿಂಗಳಿಗೊಮ್ಮೆ ಬರುವ ಷೇರುದಾರರ ಪಟ್ಟಿಯಲ್ಲಿ ಅಡವಿನ ಕಾಲಂ ಇರುತ್ತದೆ. ನಡುವೆ ಅಡ ಇಟ್ಟರೆ, ಬಿಡಿಸಿದರೆ, ಇನ್‌ವೋಕ್ ಆದರೆ ವಿನಿಮಯ ಕೇಂದ್ರಕ್ಕೆ ಪ್ರತ್ಯೇಕ ಪ್ರಕಟಣೆ ಹೋಗುತ್ತದೆ. ಒಂದೇ ದಿನ ಕಂಪನಿಯ ಶೇ 0.5ಕ್ಕಿಂತ ಹೆಚ್ಚು ಷೇರು ಒಬ್ಬರೇ ಮಾರಿದರೆ ಸಂಜೆ ಬಲ್ಕ್ ಡೀಲ್ ಪಟ್ಟಿಯಲ್ಲಿ ಹೆಸರು ಬರುತ್ತದೆ. ಅಲ್ಲಿ ಎನ್‌ಬಿಎಫ್‌ಸಿ ಅಥವಾ ಸಾಲದಾತರ ಪರವಾಗಿ ಒತ್ತೆ ನೋಡಿಕೊಳ್ಳುವ ಟ್ರಸ್ಟಿ ಕಂಪನಿಯ ಹೆಸರು ಮಾರುವ ಕಡೆ ಕಂಡರೆ ಅದು ಸಾಮಾನ್ಯ ಹೂಡಿಕೆದಾರನ ಮಾರಾಟ ಅಲ್ಲದಿರಬಹುದು ಎಂದು ಅನುಮಾನಿಸಬೇಕು. ಕಾಣದೇ ಇರುವುದು ಮುಖ್ಯವಾದದ್ದೇ: ಸಾಲ ಎಷ್ಟು, ಕವರ್ ಎಷ್ಟು, ಯಾವ ಬೆಲೆಗೆ ಶರತ್ತು ಮುರಿಯುತ್ತದೆ. ಅದು ಖಾಸಗಿ ಒಪ್ಪಂದದಲ್ಲಿ ಕೂತಿರುತ್ತದೆ. ಅಡವು ಶೇ 60 ಎಂದು ಗೊತ್ತಿರುತ್ತದೆ, ಆದರೆ ಮೊದಲ ಶರತ್ತು ಮುರಿಯುವುದು 350 ರೂಪಾಯಿಯಲ್ಲೋ 250ರಲ್ಲೋ ಗೊತ್ತಾಗುವುದಿಲ್ಲ.

ಸೆಪ್ಟೆಂಬರ್ 30ಕ್ಕೆ ಎಸ್ಸೆಲ್ ಸಾಲ ಪೂರ್ತಿ ತೀರಲಿಲ್ಲ. ನವೆಂಬರ್‌ನಲ್ಲಿ ಇನ್ನೂ ಶೇ 16.5ರವರೆಗೆ ಮಾರುವುದಾಗಿ ಘೋಷಿಸಿದರು. ಶೇ 41ರ ಹತ್ತಿರ ಇದ್ದ ಪ್ರೊಮೋಟರ್ ಪಾಲು ಕೊನೆಗೆ ಶೇ 4ರ ಆಸುಪಾಸಿಗೆ ಬಂತು. 2021ರ ಸೆಪ್ಟೆಂಬರ್‌ನಲ್ಲಿ, ಸುಭಾಷ್ ಚಂದ್ರರ ಮಗ ಪುನೀತ್ ಗೋಯೆಂಕಾ ಅವರನ್ನು ಜೀ ಆಡಳಿತ ಮಂಡಳಿಯಿಂದ ತೆಗೆಯಲು ಷೇರುದಾರರ ಸಭೆ ಕರೆಯಿರಿ ಎಂದು ಒಂದು ಫಂಡ್ ಪತ್ರ ಬರೆಯಿತು. ಅದು ಎರಡು ವರ್ಷ ಮೊದಲು 400 ರೂಪಾಯಿ ಕೊಟ್ಟು ಷೇರು ಕೊಂಡಿದ್ದ ಇನ್‌ವೆಸ್ಕೋ.